ಚುಕ್ಕೆ ಸಾಲಿನ ಕೊನೆಯ ಅಂಕಿ

ನಿಪ್ಪಾಣಿಯ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಔಷಧಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ನಾನು ನಾಲ್ಕು ವರ್ಷ ಟೈಪ್ ಮಾಡುವ ಕೆಲಸ ಮಾಡಿದೆ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಮದುವೆ ಪತ್ರಿಕೆಗಳ ಮಾದರಿ ಅಂಟಿಸಿದ ಒಂದು ಹಲಗೆ, ಇಷ್ಟೇ ಅಂಗಡಿ. ದಿನವೂ ಕೊಗನೊಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಆಗ ನನಗೆ ಇಪ್ಪತ್ತೆರಡು. ನಮ್ಮ ಊರಿನಲ್ಲಿ ಕಂಪ್ಯೂಟರ್ ಕಲಿತ ಹುಡುಗಿಯರು ಇಬ್ಬರೇ ಇದ್ದೆವು. ನನಗೆ ಕನ್ನಡ, ಮರಾಠಿ ಎರಡೂ ನೋಡದೇ ಟೈಪ್ ಮಾಡಲು ಬರುತ್ತದೆ ಎಂಬ ಹೆಮ್ಮೆ ಇತ್ತು. ಆ ಹೆಮ್ಮೆ ಏನು ಮಾಡಿಸಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದು ದಿನ ಬೆಳಿಗ್ಗೆ ನಿವೃತ್ತ ನರ್ಸ್ ಒಬ್ಬರು ಮೆಟ್ಟಿಲು ಹತ್ತಿ ಬಂದರು. ಊರಿನವರೆಲ್ಲ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆಯುವೆ. ಮೂವತ್ತು ವರ್ಷ ಸರಕಾರಿ ದವಾಖಾನೆಯಲ್ಲಿದ್ದು, ನಿವೃತ್ತಿಯಾದ ಮೇಲೆ ಅವರು ತಂಬಾಕಿನ ವಖಾರಗಳಲ್ಲಿ ದುಡಿಯುವ ಹೆಂಗಸರ ಮನೆಮನೆಗೆ ಹೋಗಿ ಅವರ ಕೆಮ್ಮು, ಎದೆನೋವು, ಸುಟ್ಟ ತಂಬಾಕಿನ ಪುಡಿಯಾದ ಮಿಶ್ರಿಯನ್ನು ಹಲ್ಲಿಗೆ ತಿಕ್ಕುವ ಚಟ, ಎಲ್ಲವನ್ನೂ ಕೇಳಿ ಬರೆದುಕೊಂಡಿದ್ದರು. ವಖಾರ ಎಂದರೆ ತಂಬಾಕಿನ ಗೋದಾಮು. ಅಲ್ಲಿ ಹೆಂಗಸರು ಎಲೆ ಕುಟ್ಟುತ್ತಾರೆ, ಜರಡಿ ಹಿಡಿಯುತ್ತಾರೆ. ಸಂಜೆ ಹೊರಗೆ ಬರುವಾಗ ಹುಬ್ಬಿನವರೆಗೂ ಧೂಳು ಕೂತಿರುತ್ತದೆ.

ಸಿಸ್ಟರ್ ತಂದದ್ದು ಆರು ದಪ್ಪ ನೋಟುಪುಸ್ತಕ. ಹೆಂಗಸರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿದ್ದರು. ಎಲ್ಲಿಯೂ ಹೆಸರಿಲ್ಲ, ಗಲ್ಲಿಯ ಹೆಸರು ಮಾತ್ರ. ಒಂದೊಂದು ಗಲ್ಲಿಗೆ ಒಂದೊಂದು ಅಧ್ಯಾಯ.

“ಹೆಸರು ಬರಿಯೂದಿಲ್ಲ ಅಂತ ಎಲ್ಲಾರಿಗೂ ಮಾತು ಕೊಟ್ಟೇನಿ, ಬಾಳಾ. ಒಂದ ಅಕ್ಷರ ಆಚೀಚೆ ಆಗಬಾರ್ದು,” ಎಂದರು. ಮಗಳೇ ಎನ್ನುವ ಹಾಗೆ ನನ್ನನ್ನು ಮರಾಠಿಯಲ್ಲಿ ಬಾಳಾ ಎನ್ನುತ್ತಿದ್ದರು.

“ಆಗೂದಿಲ್ರಿ ಸಿಸ್ಟರ್,” ಎಂದೆ.

ಎರಡು ತಿಂಗಳು ಆ ಕೆಲಸ ನಡೆಯಿತು. ಸಿಸ್ಟರ್ ಮಧ್ಯಾಹ್ನ ಬಂದು ನನ್ನ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿ ಓದುತ್ತಿದ್ದರು. ತಪ್ಪು ಕಂಡರೆ ಬೆರಳು ಪರದೆಗೆ ತಾಗಿಸುತ್ತಿದ್ದರು. ಕೊನೆಗೆ ವರದಿ ಇನ್ನೂರು ಪುಟ ದಾಟಿತು. ಆಗ ಅವರೇ ಹೇಳಿದರು: “ಇಷ್ಟ ದೊಡ್ಡ ಪುಸ್ತಕಕ್ಕ ಮುಂದ ಒಂದು ಅನುಕ್ರಮಣಿಕಾ ಬೇಕು. ಓದೂ ಬೆಳಗಾವಿ ಸಾಹೇಬ್ರ ಕೈಯಾಗ ವ್ಯಾಳ್ಯಾ ಇರೂದಿಲ್ಲ. ತಮಗ ಬೇಕಾದ ಗಲ್ಲಿ ಥಟ್ಟನ ಸಿಗಬೇಕು.”

ನಾನು ಪರಿವಿಡಿ ಮಾಡಲು ಕೂತೆ. ಎಡಕ್ಕೆ ಅಧ್ಯಾಯದ ಹೆಸರು, ಬಲಕ್ಕೆ ಪುಟದ ಅಂಕಿ, ನಡುವೆ ಚುಕ್ಕೆಗಳ ಸಾಲು. ಮೊದಲು ಪೂರ್ಣವಿರಾಮದ ಕೀಲಿಯನ್ನೇ ಒತ್ತಿ ಹಿಡಿದು ಚುಕ್ಕೆ ತುಂಬಿದೆ. ಒಂದು ಸಾಲಿನಲ್ಲಿ ಎರಡು ಚುಕ್ಕೆ ಹೆಚ್ಚು, ಇನ್ನೊಂದರಲ್ಲಿ ಒಂದು ಕಡಿಮೆ ಮಾಡಿ, ಸ್ಪೇಸ್ ಕೀಲಿ ಒತ್ತಿ ಒತ್ತಿ, ಅಂಕಿಗಳನ್ನು ಒಂದರ ಕೆಳಗೊಂದು ತರಲು ನೋಡಿದೆ. ಅಕ್ಷರಗಳ ಅಗಲ ಒಂದೇ ಇರುವುದಿಲ್ಲವಲ್ಲ, ಏನು ಮಾಡಿದರೂ ಕೂದಲೆಳೆಯಷ್ಟು ತಪ್ಪುತ್ತಿತ್ತು. ಪ್ರಿಂಟ್ ತೆಗೆದಾಗ ಅಂಕಿಗಳು ಸೊಟ್ಟ ಹಲ್ಲಿನ ಹಾಗೆ ಒಂದು ಒಳಗೆ, ಒಂದು ಹೊರಗೆ ನಿಂತಿದ್ದವು.

ನಮ್ಮ ಅಂಗಡಿಯ ಮಾಲಕರು ಅದನ್ನು ನೋಡಿ ನಕ್ಕರು. “ಚುಕ್ಕಿ ಕೈಲೆ ಹೊಡಿಯೂದಲ್ಲವ್ವಾ. ಟ್ಯಾಬ್ ಇಡು,” ಎಂದು ವರ್ಡ್‌ನಲ್ಲಿ ಟ್ಯಾಬ್‌ನ ಪೆಟ್ಟಿಗೆ ತೆರೆದು ತೋರಿಸಿದರು. ಬಲ ಅಂಚಿನ ಅಳತೆ ಕೊಟ್ಟು, ‘ರೈಟ್’ ಎಂದು ಆರಿಸಿ, ಲೀಡರ್ ಎಂಬಲ್ಲಿ ಚುಕ್ಕೆಯ ಗುರುತು ಒತ್ತಿದರು. ಆಮೇಲೆ ಹೆಸರು ಟೈಪ್ ಮಾಡಿ ಒಮ್ಮೆ ಟ್ಯಾಬ್ ಕೀಲಿ ಒತ್ತಿದರೆ ಸಾಕು, ಚುಕ್ಕೆಗಳು ತಾವೇ ಓಡಿಹೋಗಿ ಅಂಚಿಗೆ ಮುಟ್ಟುತ್ತಿದ್ದವು. ಅಂಕಿ ಬರೆದರೆ ಅದು ಬಲದಿಂದ ಎಡಕ್ಕೆ ಬೆಳೆಯುತ್ತಿತ್ತು. ಐದರ ಕೆಳಗೆ ಹನ್ನೆರಡು, ಇನ್ನೂ ಎಷ್ಟೋ ಸಾಲು ಕೆಳಗೆ ನೂರಾ ಮೂರು, ಎಲ್ಲದರ ಕೊನೆಯ ಅಂಕಿ ಒಂದೇ ಗೆರೆಯಲ್ಲಿ. ನನಗೆ ಅಷ್ಟು ಖುಷಿಯಾಯಿತೆಂದರೆ ಆ ಪುಟವನ್ನು ಸುಮ್ಮನೇ ಎರಡು ಸಲ ಪ್ರಿಂಟ್ ತೆಗೆದು ನೋಡಿದೆ.

ಮಾಲಕರು ಇನ್ನೊಂದು ಮಾತೂ ಹೇಳಿದ್ದರು. “ಇದೂ ಕೈಲೆ ಬರದ ಅಂಕೀನ. ಅಧ್ಯಾಯದ ಹೆಸರಿಗೆಲ್ಲ ಹೆಡಿಂಗ್ ಸ್ಟೈಲ್ ಕೊಟ್ಟಿ ಅಂದ್ರ ಕಂಪ್ಯೂಟರ್ ತಾನ ಹುಡುಕಿ ಪರಿವಿಡಿ ಮಾಡತೈತಿ. ಪುಟ ಹೆಚ್ಚುಕಡಿಮಿ ಆದ್ರ ಎಫ್ ನೈನ್ ಒತ್ತು, ಅಂಕಿ ಬದಲಾಗತಾವು.”

ನಾನು ಒಮ್ಮೆ ಅದನ್ನೂ ಮಾಡಿ ನೋಡಿದೆ. ಪರಿವಿಡಿ ಬಂತು, ಆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬಂತು. ಆಗಿನ ನಮ್ಮ ಕನ್ನಡ ಫಾಂಟುಗಳೇ ಹಾಗೆ, ಫಾಂಟ್ ಬದಲಾದರೆ ಅಕ್ಷರವೇ ಬದಲಾದಂತೆ ಕಾಣುತ್ತಿತ್ತು. ಪರಿವಿಡಿಯ ಸ್ಟೈಲಿಗೂ ಕನ್ನಡ ಫಾಂಟ್ ಕೊಟ್ಟಿದ್ದರೆ ಮುಗಿಯುತ್ತಿತ್ತು. ನನಗೆ ಗೊತ್ತಿರಲಿಲ್ಲ. ಮಾಲಕರನ್ನು ಕೇಳಬಹುದಿತ್ತು, ಅವರು ಎದುರಿಗೇ ಕೂತಿದ್ದರು. ಬರುವುದಿಲ್ಲ ಎಂದು ಹೇಳಲು ನಾಚಿಕೆಯಾಗಿ ಅದನ್ನು ಅಳಿಸಿ, ಕೈಯಿಂದ ಟೈಪ್ ಮಾಡಿದ ಪರಿವಿಡಿಯನ್ನೇ ಉಳಿಸಿಕೊಂಡೆ. ಒಂದೊಂದು ಅಧ್ಯಾಯ ಎಲ್ಲಿ ಶುರುವಾಗುತ್ತದೆಂದು ನೋಡಿ ಅಂಕಿ ಬರೆದೆ. ಆ ದಿನದ ಮಟ್ಟಿಗೆ ಎಲ್ಲ ಅಂಕಿಯೂ ಸರಿಯಾಗಿಯೇ ಇತ್ತು.

ವರದಿಯ ಪ್ರತಿಗಳನ್ನು ತೆಗೆಯುವ ದಿನ ಸಿಸ್ಟರ್ ಎರಡು ನಕಾಶೆ ತಂದರು. ಯಾವ ಗಲ್ಲಿ ಎಲ್ಲಿದೆ, ವಖಾರಗಳು ಎಲ್ಲಿವೆ ಎಂದು ಕೈಯಿಂದ ಬರೆಸಿದ್ದು. ಅವನ್ನು ಸ್ಕ್ಯಾನ್ ಮಾಡಿ ಎರಡನೇ ಅಧ್ಯಾಯದ ಕೊನೆಗೆ ಸೇರಿಸಿದೆ. ಎರಡು ನಕಾಶೆ, ಎರಡು ಪೂರ್ತಿ ಪುಟ. ಅಲ್ಲಿಂದ ಮುಂದಿನ ಅಧ್ಯಾಯಗಳೆಲ್ಲ ಎರಡು ಪುಟ ಮುಂದಕ್ಕೆ ಸರಿದವು. ಪರಿವಿಡಿಯ ಅಂಕಿಗಳು ಇದ್ದಲ್ಲೇ ಇದ್ದವು.

ಸಿಸ್ಟರ್ ಕೇಳಿದರು: “ನಕಾಶಾ ಸೇರಿಸಿದ್ದಕ್ಕ ಅನುಕ್ರಮಣಿಕಾದಾಗ ಏನರ ಬದಲಾಗತೈತೇನ?”

ನನಗೆ ನಾಲ್ಕೂವರೆಯ ಬಸ್ಸು ಹಿಡಿಯಬೇಕಿತ್ತು. ಮೊದಲ ಎರಡು ಸಾಲು ನೋಡಿದೆ, ಅವು ನಕಾಶೆಗಿಂತ ಮುಂಚಿನವು, ಸರಿಯಾಗಿದ್ದವು. ಅಷ್ಟಕ್ಕೇ ನಿಲ್ಲಿಸಿದೆ.

“ಅದು ತಾನ ಆಗತೈತ್ರಿ ಸಿಸ್ಟರ್. ಕಂಪ್ಯೂಟರ್ ಮಾಡತೈತಿ,” ಎಂದೆ.

ಅವರು ತಲೆಯಾಡಿಸಿದರು. ಆ ಪುಟ ಅಷ್ಟು ಚಂದವಾಗಿ, ಅಷ್ಟು ನೇರವಾಗಿ ಕಾಣುತ್ತಿತ್ತು. ಅದರಲ್ಲಿ ತಪ್ಪಿದೆಯೆಂದು ಯಾರಿಗೂ ಅನಿಸುವಂತಿರಲಿಲ್ಲ.

ಒಂದು ವಾರದ ನಂತರ ಆ ವರದಿಯ ಬಗ್ಗೆ ಸಮುದಾಯ ಭವನದಲ್ಲಿ ಸಭೆ. ಬೆಳಗಾವಿಯಿಂದ ಒಬ್ಬ ಅಧಿಕಾರಿ ಬಂದಿದ್ದರು. ಒಂದು ಕಡೆ ವಖಾರದ ಹೆಂಗಸರು, ಇನ್ನೊಂದು ಕಡೆ ಕುರ್ಚಿಗಳ ಮೇಲೆ ವಖಾರದ ಇಬ್ಬರು ಮುಕಾದಮರು, ಅಂದರೆ ಹೆಂಗಸರಿಗೆ ಕೆಲಸ ಹಂಚುವ ಮೇಲ್ವಿಚಾರಕರು. ಪ್ರತಿಗಳನ್ನು ಹಂಚಲು ಸಿಸ್ಟರ್ ನನ್ನನ್ನು ಕರೆದಿದ್ದರು. ಹಂಚಿ, ಒಂದು ಪ್ರತಿ ಮಡಿಲಲ್ಲಿಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕೂತೆ. ಅಧಿಕಾರಿ ಪರಿವಿಡಿ ತೆರೆದು “ಅಚ್ಚುಕಟ್ಟಾಗಿದೆ” ಎಂದಾಗ ಸಿಸ್ಟರ್ ತಿರುಗಿ ನನ್ನತ್ತ ನೋಡಿ ನಕ್ಕರು.

ಹೆಂಗಸರಲ್ಲಿ ಒಬ್ಬಳು ಎದ್ದು ನಿಂತಳು. ಐವತ್ತರ ಆಸುಪಾಸು, ತೆಳ್ಳಗಿನ ದೇಹ, ಹಸಿರು ಸೀರೆ. ಜರಡಿ ಹಿಡಿಯುವಾಗ ಮೂಗಿಗೆ ಕಟ್ಟಿಕೊಳ್ಳಲು ಬಟ್ಟೆಯಾದರೂ ಕೊಡಿಸಬೇಕೆಂದು ಕೇಳಿದಳು.

“ಯಾವ ಗಲ್ಲಿ ನಿಮ್ಮದು?” ಅಧಿಕಾರಿ ಕೇಳಿದರು.

“ಗಿರಣಿ ಗಲ್ಲಿರಿ ಸಾಹೇಬ್ರ.”

“ನಿಮ್ಮ ಗಲ್ಲಿಯವರು ಏನು ಹೇಳಿದ್ದಾರೆ ನೋಡೋಣ,” ಎಂದು ಅವರು ಪರಿವಿಡಿಯ ಮೇಲೆ ಬೆರಳಿಟ್ಟರು. ಬೆರಳು ಚುಕ್ಕೆಗಳ ಮೇಲೆ ಎಡದಿಂದ ಬಲಕ್ಕೆ ಹೋಯಿತು. “ಎಂಬತ್ತೇಳು,” ಎಂದು ಆ ಪುಟ ತೆಗೆದು, ಮೇಲಿನಿಂದಲೇ ಗಟ್ಟಿಯಾಗಿ ಓದತೊಡಗಿದರು.

“‘ದಿನಾ ವಖಾರದಾಗಿಂದ ಒಂದ ಹಿಡಿ ತಂಬಾಕ ಸೆರಗಿಗೆ ಕಟಗೊಂಡ ಬರತೀನಿ. ಮನ್ಯಾಗ ಸುಟ್ಟು ಮಿಶ್ರಿ ಮಾಡತೀನಿ. ಮಿಶ್ರಿ ಹಚ್ಚಲಿಲ್ಲ ಅಂದ್ರ ತಲಿ ನಿಲ್ಲೂದಿಲ್ಲ…’”

ಹೆಂಗಸರೆಲ್ಲ ನಿಂತವಳತ್ತ ತಿರುಗಿದರು. ನಾನು ಮಡಿಲಲ್ಲಿದ್ದ ಪ್ರತಿ ತೆರೆದೆ. ಎಂಬತ್ತೇಳನೇ ಪುಟದಲ್ಲಿ ತಲೆಬರಹವೇ ಇರಲಿಲ್ಲ. ಅದು ಹಿಂದಿನ ಅಧ್ಯಾಯದ ಕೊನೆಯ ಭಾಗ, ಹಳೇ ಬಾವಿ ಗಲ್ಲಿಯವರ ಮಾತು. ಎರಡು ಪುಟ ಮಗುಚಿದೆ. ಎಂಬತ್ತೊಂಬತ್ತರಲ್ಲಿ ದಪ್ಪ ಅಕ್ಷರದಲ್ಲಿ ‘ಗಿರಣಿ ಗಲ್ಲಿ’ ಎಂದಿತ್ತು.

ಹಳೇ ಬಾವಿ ಗಲ್ಲಿಯಲ್ಲಿ ಮನೆಗೊಬ್ಬರಂತೆ ಹೆಂಗಸರು ವಖಾರಕ್ಕೆ ಹೋಗುತ್ತಿದ್ದರು. ಆ ಮಾತು ಯಾರದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಸಿಸ್ಟರ್ ಅದನ್ನು ಯೋಚಿಸಿಯೇ ಬರೆದಿದ್ದರು. ಗಿರಣಿ ಗಲ್ಲಿಯಿಂದ ಹೋಗುತ್ತಿದ್ದವರು ಮೂವರೇ. ಆ ಮೂವರಲ್ಲಿ ಇಬ್ಬರು ಹೊಸದಾಗಿ ಸೇರಿದ ಎಳೆಯರು, ಹಲ್ಲು ಬೆಳ್ಳಗಿದ್ದವು. ಮಿಶ್ರಿ ತಿಕ್ಕಿ ಹಲ್ಲು ಕಪ್ಪಾಗಿದ್ದವಳು ಈಗ ನಿಂತಿದ್ದ ಹೆಂಗಸು ಒಬ್ಬಳೇ.

“ಸಾಹೇಬ್ರ, ಅದು ನಂದಲ್ಲರಿ. ನಾ ಹಂಗ ಹೇಳಿಲ್ಲ,” ಎಂದಳು ಅವಳು.

“ಹೆಸರು ಇಲ್ಲಮ್ಮ ಇಲ್ಲಿ. ಹೆದರಬೇಡಿ,” ಎಂದರು ಅಧಿಕಾರಿ, ಒಳ್ಳೆಯ ಮನಸ್ಸಿನಿಂದಲೇ. ಮುಕಾದಮರಲ್ಲಿ ಒಬ್ಬ ಕುರ್ಚಿಯಲ್ಲಿ ವಾಲಿ ಅವಳ ಮುಖ ನೋಡಿದ. ಹೆಂಗಸರ ಕಡೆಯಿಂದ ಯಾರೋ ಮರಾಠಿಯಲ್ಲಿ ಪಿಸುಗುಟ್ಟಿದರು. ಸಿಸ್ಟರ್ ತಮ್ಮ ಪ್ರತಿಯನ್ನು ಗಡಿಬಿಡಿಯಿಂದ ತಿರುವುತ್ತಿದ್ದರು. ಅವರಿಗೆ ಆ ಪುಟ ಸಿಗುವಷ್ಟರಲ್ಲಿ ಅಧಿಕಾರಿ ಪುಸ್ತಕ ಮುಚ್ಚಿ, ದವಾಖಾನೆಯ ವಿಷಯ ಎತ್ತಿಕೊಂಡಿದ್ದರು.

ನಾನು ಎದ್ದು ನಿಂತು, “ಸಾಹೇಬ್ರ, ಪುಟದ ಅಂಕಿ ತಪ್ಪೈತ್ರಿ, ಅದು ಬ್ಯಾರೆ ಗಲ್ಲಿದು, ತಪ್ಪು ನಂದು,” ಎಂದಿದ್ದರೆ ಸಾಕಿತ್ತು. ಹಳೇ ಬಾವಿ ಗಲ್ಲಿಯ ಯಾರಿಗೂ ಅದರಿಂದ ತೊಂದರೆ ಇರಲಿಲ್ಲ. ನಾಲ್ಕು ಜನರ ಮುಂದೆ ನನ್ನ ಮುಖ ಸಣ್ಣದಾಗುತ್ತಿತ್ತು, ಅಷ್ಟೇ. ಪುಸ್ತಕ ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತೆ. ಸಭೆ ಮುಗಿಯುವ ಮುಂಚೆಯೇ ಬಸ್ಸಿನ ನೆಪ ಹೇಳಿ ಹೊರಬಿದ್ದೆ.

ಮರುದಿನ ಬೆಳಿಗ್ಗೆ ವಖಾರದ ಬಾಗಿಲಲ್ಲಿ ಆ ಹೆಂಗಸನ್ನು ನಿಲ್ಲಿಸಿ, ಎಲ್ಲರೆದುರು ಸೆರಗು ಝಾಡಿಸಿ, ನಾಳೆಯಿಂದ ಬರಬೇಡ ಎಂದರಂತೆ. ಹತ್ತೊಂಬತ್ತು ವರ್ಷ ಅದೇ ಬಾಗಿಲಿನಿಂದ ಒಳಗೆ ಹೋದವಳು. ಇದನ್ನು ನನಗೆ ಹೇಳಿದವರು ಸಿಸ್ಟರ್. ಮೂರನೇ ದಿನ ಅವರು ಮೆಟ್ಟಿಲು ಹತ್ತಿ ಬಂದಾಗ ಏದುಸಿರು ಹತ್ತಿತ್ತು. ಸ್ಟೂಲಿನ ಮೇಲೆ ಕೂತು ಪರಿವಿಡಿ ತೆರೆದರು. ಪ್ರತಿ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಸರಿಯಾದ ಅಂಕಿ ಬರೆದುಕೊಂಡು ಬಂದಿದ್ದರು.

“ಮೂರನೇದರಿಂದ ಕಡೀತನಕ ಎಲ್ಲಾ ಎರಡೆರಡ ಪುಟ ತಪ್ಪೈತಿ. ಹೆಂಗಾತು ಬಾಳಾ ಇದು?”

ಮಾಲಕರು ಆಗ ಹೊರಗೆ ಹೋಗಿದ್ದರು. ನಾನು ಪರದೆ ನೋಡುತ್ತಲೇ ಹೇಳಿದೆ: “ಪ್ರಿಂಟರ್ ಬದಲಾದ್ರ ಹಂಗ ಆಗತೈತ್ರಿ. ಪುಟ ಸರೀತಾವು. ಅದು ಮಷೀನಿಂದು.”

ಪ್ರಿಂಟರ್ ಬದಲಾದರೆ ಪುಟ ಸರಿಯುವುದು ಉಂಟು. ಆದರೆ ನಮ್ಮಲ್ಲಿ ಪ್ರಿಂಟರ್ ಬದಲಾಗಿರಲಿಲ್ಲ. ಇದ್ದದ್ದೇ ಒಂದು, ಸಿಸ್ಟರ್ ಅವರ ಕಣ್ಣೆದುರೇ ಇತ್ತು.

ಅವರು ಪೆನ್ಸಿಲಿನ ಅಂಕಿಗಳ ಮೇಲೆ ಬೆರಳಾಡಿಸಿ, “ನಾನರ ಒಮ್ಮಿ ತೆಗದು ನೋಡಬೇಕಿತ್ತು. ನಂದ ತಪ್ಪು,” ಎಂದರು.

ಅವರ ಆ ಮಾತನ್ನೂ ನಾನು ತಡೆಯಲಿಲ್ಲ.

ಸಿಸ್ಟರ್ ಅವಳನ್ನು ಬಾಗಿಲಲ್ಲಿ ನಿಲ್ಲಿಸಿದ ಮುಕಾದಮನ ಬಳಿ ಹೋಗಿ ಎಂಬತ್ತೇಳು, ಎಂಬತ್ತೊಂಬತ್ತು ಎರಡೂ ಪುಟ ತೋರಿಸಿದರು. ಅವನು, “ಸಾಹೇಬ್ರ ಓದಿ ಹೇಳ್ಯಾರ. ಈಗ ನೀವು ಅದು ಅಲ್ಲ, ಇದು ಅಂತೀರಿ. ನಾಳೆ ಮತ್ತೊಂದು ಅಂತೀರಿ,” ಎಂದನಂತೆ. ಆಗ ಸಿಸ್ಟರ್ ಮತ್ತೆ ಅಂಗಡಿಗೆ ಬಂದು, ಪರಿವಿಡಿಯ ಪುಟವನ್ನು ಸರಿಮಾಡಿ ಎಲ್ಲ ಪ್ರತಿಗಳಲ್ಲೂ ಬದಲಿಸೋಣ, ಅಧಿಕಾರಿಗೂ ಕಳಿಸೋಣ ಎಂದರು.

ಈ ಸಲ ನಾನು ಮಾಲಕರನ್ನು ಕೇಳಿದೆ. ಬರುವುದಿಲ್ಲ, ಕಲಿಸಿ ಎಂದೆ. ಅವರು ಪರಿವಿಡಿಯ ಸ್ಟೈಲ್ ತೆರೆದು ಅದಕ್ಕೆ ಕನ್ನಡ ಫಾಂಟ್ ಕೊಡುವುದನ್ನು ತೋರಿಸಿದರು. ಹತ್ತು ನಿಮಿಷ ಹಿಡಿಯಿತು. ಅಧ್ಯಾಯದ ಹೆಸರುಗಳಿಗೆಲ್ಲ ಹೆಡಿಂಗ್ ಕೊಟ್ಟೆ, ಪರಿವಿಡಿ ತರಿಸಿದೆ. ಅದೇ ಚುಕ್ಕೆಗಳು, ಅದೇ ನೇರ ಗೆರೆ. ಗಿರಣಿ ಗಲ್ಲಿಯ ಎದುರು ಎಂಬತ್ತೊಂಬತ್ತು. ಪರೀಕ್ಷಿಸಲೆಂದು ಮಾಲಕರು ನಡುವೆ ಒಂದು ಖಾಲಿ ಪುಟ ಸೇರಿಸಿ ಎಫ್ ನೈನ್ ಒತ್ತಿಸಿದರು. ಅಂಕಿ ತೊಂಬತ್ತಾಯಿತು. ಆ ಪುಟ ತೆಗೆದು ಮತ್ತೆ ಒತ್ತಿಸಿದರು. ಎಂಬತ್ತೊಂಬತ್ತಾಯಿತು.

“ನೋಡು, ಎಷ್ಟ ಸುಲಭ,” ಎಂದರು. ನನಗೆ ಅಳು ಬಂತು. ಕಣ್ಣಿಗೆ ಏನೋ ಬಿತ್ತೆಂದು ಹೇಳಿ ಮೆಟ್ಟಿಲ ಮೇಲೆ ಹೋಗಿ ನಿಂತೆ.

ಸಿಸ್ಟರ್ ನನ್ನನ್ನು ಗಿರಣಿ ಗಲ್ಲಿಗೂ ಕರೆದುಕೊಂಡು ಹೋದರು. ಆ ಹೆಂಗಸು ಹೊಸ್ತಿಲ ಒಳಗೆ ಕೂತು ಮೊರದಲ್ಲಿ ಬೀಡಿ ಕಟ್ಟುತ್ತಿದ್ದಳು. ಸಿಸ್ಟರ್ ಹೊಸ ಪುಟ ತೋರಿಸಿ, “ನಿನ್ನ ಮಾತು ಇಲ್ಲೈತಿ. ಅವತ್ತ ಓದಿದ್ದು ನಿಂದಲ್ಲ ಅಂತ ಸಾಹೇಬ್ರಿಗೆ ಬರದು ಕಳಿಸೇನಿ,” ಎಂದರು. ಅವಳಿಗೆ ಓದಲು ಬರುತ್ತಿರಲಿಲ್ಲ. ಚುಕ್ಕೆಗಳನ್ನು ನೋಡಿದಳು.

“ತಪ್ಪ ಯಾರದು, ಸಿಸ್ಟರ್?”

“ಮಷೀನಿಂದು ಅಂತ.”

“ಮಷೀನಿಗೆ ನಾ ಏನ್ ಮಾಡಿದ್ನಿ?” ಎಂದಳು ಅವಳು, ಯಾರತ್ತಲೂ ನೋಡದೆ. ಕತ್ತರಿ ತೆಗೆದುಕೊಂಡು ಎಲೆ ಕತ್ತರಿಸತೊಡಗಿದಳು. ನಾನು ಅಲ್ಲೇ, ಒಂದು ಮೊಳ ದೂರದಲ್ಲಿ ನಿಂತಿದ್ದೆ. ಆಗಲೂ ಹೇಳಲಿಲ್ಲ.

ಸುಮಾರು ಎಂಟು ತಿಂಗಳು ಹೀಗೇ ಕಳೆಯಿತು. ಕೆಲಸ ಚೆನ್ನಾಗಿ ನಡೆಯುತ್ತಿತ್ತು. ರಾಯಬಾಗ, ಅಥಣಿಯಿಂದೆಲ್ಲ ಕಾಲೇಜಿನವರು ತಮ್ಮ ದೊಡ್ಡ ವರದಿಗಳನ್ನು ತರುತ್ತಿದ್ದರು, ಪರಿವಿಡಿ ಚಂದ ಮಾಡುತ್ತೀರೆಂದು ಹೊಗಳುತ್ತಿದ್ದರು. ಹೊಗಳಿದಾಗಲೆಲ್ಲ ಮಾತು ಬದಲಿಸುತ್ತಿದ್ದೆ. ಬಸ್ಸು ಹಿಡಿಯಲು ಗಿರಣಿ ಗಲ್ಲಿಯ ಬಾಯಿ ದಾಟಬೇಕಿತ್ತು. ನಾನು ಮಾರುಕಟ್ಟೆ ಸುತ್ತಿ ಹೋಗುತ್ತಿದ್ದೆ.

ಆಮೇಲೆ ಸಿಸ್ಟರ್ ಇನ್ನೊಂದು ನೋಟುಪುಸ್ತಕ ಹಿಡಿದು ಬಂದರು. ಈ ಸಲ ಬೀಡಿ ಕಟ್ಟುವವರ ಬಗ್ಗೆ. ಸ್ಟೂಲ್ ಎಳೆದು ಕೂತು, “ಈ ಸಲ ಕಡೀಕ ಇಬ್ಬರೂ ಕೂಡಿ ಪುಟ ತಾಳೆ ನೋಡೋಣು. ಮಷೀನನ್ನ ನಂಬೂದು ಬ್ಯಾಡ,” ಎಂದರು.

ಆಗ ಹೇಳಿಬಿಟ್ಟೆ. ಪ್ರಿಂಟರ್ ಬದಲಾಗಿರಲಿಲ್ಲ, ಅಂಕಿ ನಾನೇ ಕೈಯಿಂದ ಹಾಕಿದ್ದೆ, ನಕಾಶೆ ಸೇರಿಸಿದ ಮೇಲೆ ನೋಡಲಿಲ್ಲ, ಭವನದಲ್ಲೇ ತಪ್ಪು ಗೊತ್ತಾಗಿತ್ತು, ಎದ್ದು ಹೇಳಲಿಲ್ಲ ಎಂದೆ. ಒಂದೇ ಉಸಿರಿನಲ್ಲಿ ಹೇಳಿದೆ, ತಲೆ ಎತ್ತಲಿಲ್ಲ.

ಅವರು ಬಯ್ಯುತ್ತಾರೆಂದುಕೊಂಡಿದ್ದೆ. ಬಯ್ಯಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

“ಇಷ್ಟ ದಿನ ನಾ ಆಕಿಗೆ ಸುಳ್ಳು ಹೇಳಿದಂಗಾತು,” ಎಂದರು. ಕನ್ನಡಕ ಹಾಕಿಕೊಂಡು, “ನನಗ ಹೇಳಿದಿ. ಆಕಿಗೆ ಹೇಳಿದಿಯೇನ?”

“ಇಲ್ರಿ.”

“ಒಬ್ಬಾಕೀನ ಹೋಗು. ನಾ ಬರೂದಿಲ್ಲ.”

ಅಂದು ಮಧ್ಯಾಹ್ನವೇ ಹೋದೆ. ತಡಮಾಡಿದರೆ ಹೋಗುವುದಿಲ್ಲವೆಂದು ನನಗೆ ಗೊತ್ತಿತ್ತು. ಅವಳು ಅದೇ ಹೊಸ್ತಿಲಲ್ಲಿ ಕೂತಿದ್ದಳು. ಕೈಗಳು ಈಗ ಚುರುಕಾಗಿದ್ದವು. ಬೀಡಿಗಳ ತುದಿ ಒಂದೇ ಅಳತೆಗೆ ಮಡಚಿದ್ದಳು. ಎದುರಿಗೆ ನೆಲದ ಮೇಲೆ ಕೂತು, ಚಿಕ್ಕಮ್ಮ ಎನ್ನುವಂತೆ ಮಾವಶಿ ಎಂದು ಕರೆದೆ.

“ಮಾವಶಿ, ಆ ಪುಸ್ತಕದ ತಪ್ಪು ಮಷೀನಿಂದಲ್ಲರಿ. ನಂದು. ಅಂಕಿ ನಾ ತಪ್ಪ ಹಾಕಿದ್ದೆ.”

ಅವಳು ಎಲೆಗೆ ತಂಬಾಕು ತುಂಬಿ, ಸುತ್ತಿ, ದಾರ ಕಟ್ಟಿ, ಆಮೇಲೆ ನನ್ನ ಮುಖ ನೋಡಿದಳು.

“ಅವತ್ತ ನೀನೂ ಅಲ್ಲೇ ಇದ್ದಿ?”

“ಇದ್ನಿರಿ.”

“ಅವರು ಓದೂಮುಂದ ನಿನಗ ತಿಳದಿತ್ತು, ಅದು ನಂದಲ್ಲ ಅಂತ?”

“ತಿಳದಿತ್ರಿ.”

“ನಾ ಒಬ್ಬಾಕೀನ ನಿಂತಿದ್ನಿ,” ಎಂದಳು. ದನಿ ಏರಿಸಲಿಲ್ಲ. “ನನ್ನ ಸೊಸಿ ಸೈತ ಮನಿಗೆ ಬಂದು ಕೇಳಿದಳು, ಅತ್ತಿ, ಖರೇನ ಕದ್ದು ತರತಿದ್ದಿರೇನು ಅಂತ. ಹಲ್ಲಿಗೆ ಹಚ್ಚೂ ಮಿಶ್ರಿ ನಾ ರೊಕ್ಕಾ ಕೊಟ್ಟ ಅಂಗಡ್ಯಾಗ ತರತೀನಿ.”

ತಪ್ಪಾಯಿತೆಂದೆ. ಆ ಮಾತು ಎಷ್ಟು ಚಿಕ್ಕದೆಂದು ಹೇಳುವಾಗಲೇ ತಿಳಿಯಿತು. ಮುಕಾದಮನಿಗೆ ನಾನೇ ಹೋಗಿ ಹೇಳುತ್ತೇನೆ ಎಂದೆ.

“ಹೇಳು. ನಾ ಹೊಳ್ಳಿ ಅಲ್ಲಿಗೆ ಹೋಗೂದಿಲ್ಲ. ಆದ್ರೂ ಹೇಳು,” ಎಂದಳು. “ನನ್ನ ಸೊಸಿಗೂ ಹೇಳು. ಒಳಗದಾಳ.”

ಸೊಸೆಯನ್ನು ಕರೆದಳು. ಆಕೆ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಿಗೆ ಆತು ನಿಂತಳು. ನನಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳಿದೆ. ಆಕೆ ಅತ್ತೆಯ ಕಡೆ ನೋಡಿ ತಲೆ ತಗ್ಗಿಸಿದಳು. ಅತ್ತೆ ಅವಳತ್ತ ನೋಡಲಿಲ್ಲ.

ಮರುದಿನ ವಖಾರದ ಬಾಗಿಲಿಗೆ ಹೋಗಿ ಮುಕಾದಮನಿಗೂ ಹೇಳಿದೆ. ಕೆಲಸ ಬಿಡುವ ಹೊತ್ತು, ಹೆಂಗಸರು ಸಾಲಾಗಿ ಹೊರಬರುತ್ತಿದ್ದರು. ಅವನು ಮೆಲ್ಲಗೆ ಮಾತಾಡು ಎಂದು ಕೈ ಮಾಡಿದ. ನಾನು ಮೆಲ್ಲಗೆ ಹೇಳಲಿಲ್ಲ. ಅವರಲ್ಲಿ ಕೆಲವರು ನಿಂತು ಕೇಳಿದರು, ಕೆಲವರು ಧೂಳು ಝಾಡಿಸಿಕೊಂಡು ಮುಂದೆ ಹೋದರು. “ಆತು, ತಿಳೀತು, ಹೋಗು,” ಎಂದ ಅವನು.

ಅವಳು ವಖಾರಕ್ಕೆ ಹಿಂದಿರುಗಲಿಲ್ಲ. ಬೀಡಿಯಲ್ಲೇ ಉಳಿದಳು. ನಾನು ಮದುವೆಯಾಗಿ ಚಿಕ್ಕೋಡಿಗೆ ಹೋಗುವವರೆಗೆ ದಿನವೂ ಗಿರಣಿ ಗಲ್ಲಿಯ ಬಾಯಿ ದಾಟಿಯೇ ಬಸ್ಸಿಗೆ ಹೋದೆ. ಕೆಲವು ಸಂಜೆ ಅವಳು ಅಲ್ಲಿ ನೀರಿಗೆ ನಿಂತಿರುತ್ತಿದ್ದಳು. “ಹೊಂಟಿಯೇನ?” ಎಂದು ಕೇಳುತ್ತಿದ್ದಳು. “ಹೂನ್ರಿ ಮಾವಶಿ,” ಎನ್ನುತ್ತಿದ್ದೆ. ಕ್ಷಮಿಸಿದೆ ಎಂದು ಅವಳು ಯಾವತ್ತೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವಳ ಕೊಡ ತುಂಬುವವರೆಗೆ ನಿಂತು, ತಲೆಯ ಮೇಲೆ ಎತ್ತಿಕೊಡುತ್ತಿದ್ದೆ. ಎತ್ತುವಾಗಲೂ ಅವಳ ಕಣ್ಣನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.